ಒಂದೇ ರೂಮು, ಎರಡು ರೇಟು

"ಮೊಬೈಲ್‌ನ್ಯಾಗ 1,800 ತೋರ್ಸಾಕತ್ತೈತಿ, ನೀವು 2,000 ಅಂತೀರಲ್ರೀ?" ಹುಬ್ಬಳ್ಳಿಯ ಲಾಡ್ಜ್ ಕೌಂಟರ್‌ಗಳಲ್ಲಿ ಇದು ಈಗ ಮಾಮೂಲಿ ಮಾತು.

ಹಿಂದೆ ಈ ತಕರಾರೇ ಇರಲಿಲ್ಲ. ಕೌಂಟರ್ ಹಿಂದಿನ ಗೋಡೆಯ ಬೋರ್ಡೇ ರೇಟು. ಮದುವೆ ಸೀಸನ್‌ನಲ್ಲಿ ಚೌಕಾಶಿ ಮಾಡಿದರೆ ಮಾಲೀಕರು ಬಗ್ಗುತ್ತಿರಲಿಲ್ಲ. ಆಷಾಢ ಬಂತೆಂದರೆ ಕೇಳುವ ಮೊದಲೇ ನೂರು ರೂಪಾಯಿ ಬಿಡುತ್ತಿದ್ದರು. ಲೆಕ್ಕವೆಲ್ಲ ತಲೆಯಲ್ಲೇ ಇರುತ್ತಿತ್ತು.

ಇದನ್ನು ಕಂಪ್ಯೂಟರ್‌ಗೆ ಹತ್ತಿಸಿದ್ದು ವಿಮಾನದವರು. ಅಮೆರಿಕದಲ್ಲಿ 1978ರಲ್ಲಿ ಟಿಕೆಟ್ ದರದ ಮೇಲಿನ ಸರ್ಕಾರಿ ಹಿಡಿತ ಸಡಿಲವಾಯಿತು. ಅಗ್ಗದ ಕಂಪನಿಗಳ ಪೈಪೋಟಿ ಎದುರಿಸಲು 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಂದು ಉಪಾಯ ಮಾಡಿತು. ಮುಂಚೆಯೇ ಕೊಳ್ಳುವವರಿಗೆ ಕೆಲವೇ ಸೀಟು ಅಗ್ಗಕ್ಕೆ ಕೊಟ್ಟು, ಉಳಿದವನ್ನು ಕೊನೆ ಗಳಿಗೆಯಲ್ಲಿ ಬರುವ ವ್ಯಾಪಾರಸ್ಥರಿಗೆ ಎತ್ತಿಟ್ಟಿತು. ಮ್ಯಾರಿಯಟ್‌ನಂಥ ಹೋಟೆಲ್‌ಗಳು ಅದೇ ದಾರಿ ಹಿಡಿದವು. ಹಾರಿಹೋದ ವಿಮಾನದ ಖಾಲಿ ಸೀಟೂ ಬೆಳಗಾದ ಮೇಲಿನ ಖಾಲಿ ರೂಮೂ ಒಂದೇ, ಅಲ್ವಾ?

ಹುಬ್ಬಳ್ಳಿಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ. ಗೋವಾದಲ್ಲಿ ಶನಿವಾರ ರಶ್ಶಾದರೆ ಇಲ್ಲಿ ಮಂಗಳವಾರ, ಬುಧವಾರ. ಕಂಪನಿ ರೆಪ್‌ಗಳು, ಹೋಲ್‌ಸೇಲ್ ಖರೀದಿಯವರು, ಧಾರವಾಡ ಹೈಕೋರ್ಟ್ ಪೀಠಕ್ಕೆ ಬಂದ ಕಕ್ಷಿದಾರರು ಹಿಂದಿನ ದಿನವಷ್ಟೇ ಫೋನ್ ಮಾಡುತ್ತಾರೆ. ಅದಕ್ಕೂ ಮೊದಲೇ ರೂಮೆಲ್ಲ ಅಗ್ಗಕ್ಕೆ ಹೋಗಿದ್ದರೆ ಕಾಯಂ ಗಿರಾಕಿ ಪಕ್ಕದ ಲಾಡ್ಜ್ ಹುಡುಕುತ್ತಾನೆ. ಮಂಗಳವಾರದ ರೂಮು ವಾರ ಮೊದಲೇ ಫುಲ್ ಆದರೆ ಮಾಲೀಕರು ಖುಷಿಪಡುತ್ತಾರೆ. ನನ್ನ ಪ್ರಕಾರ ಅದು ರೇಟು ತೀರಾ ಕಡಿಮೆ ಇಟ್ಟಿದ್ದರು ಅನ್ನುವ ಸೂಚನೆ.

ಬುಕಿಂಗ್ ಆ್ಯಪ್‌ಗಳು ಬಂದ ಮೇಲೆ ಲೆಕ್ಕಕ್ಕೆ ಇನ್ನೊಂದು ಗಂಟು ಬಿತ್ತು. ಜಿಎಸ್‌ಟಿ ಬಿಟ್ಟು ನೋಡೋಣ. ಆ್ಯಪ್‌ನಲ್ಲಿ ರೂಮಿಗೆ 2,000 ರೂಪಾಯಿ, ಕಮಿಷನ್ ಶೇ. 20 ಅಂದುಕೊಳ್ಳಿ. 400 ಅವರಿಗೆ, 1,600 ಹೋಟೆಲ್‌ಗೆ. ಆ್ಯಪ್ ತನ್ನ 400ರಲ್ಲೇ 200 ಬಿಟ್ಟು ಕೂಪನ್ ಕೊಡುತ್ತದೆ. ಗಿರಾಕಿಗೆ ಕಾಣುವುದು 1,800. ಹೋಟೆಲ್‌ಗೆ ಸಿಗುವುದು ಆಗಲೂ 1,600.

ಹಾಗಾದರೆ ಕೌಂಟರ್‌ನಲ್ಲೇ 1,800ಕ್ಕೆ ಕೊಡಬಹುದಿತ್ತಲ್ಲ? ಇನ್ನೂರು ಜಾಸ್ತಿಯೇ ಸಿಗುತ್ತಿತ್ತು. ಆದರೆ ಆ್ಯಪ್‌ಗೆ ಕೊಟ್ಟ ರೇಟಿಗಿಂತ ಕಡಿಮೆಗೆ ಬೇರೆಡೆ ಮಾರುವಂತಿಲ್ಲ ಎಂಬ ಷರತ್ತು ಒಪ್ಪಂದಗಳಲ್ಲಿ ಇರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ದಂಡ ಹಾಕಿ, ಇಂಥ ಷರತ್ತು ಕೈಬಿಡಿ ಎಂದಿತು.

ಷರತ್ತು ಹೋದರೂ ಹೆದರಿಕೆ ಹೋಗುವುದಿಲ್ಲ. ಆ್ಯಪ್‌ನ ಪಟ್ಟಿಯಲ್ಲಿ ಕೆಳಗೆ ಜಾರಿದರೆ ಭಾನುವಾರದ ಖಾಲಿ ರೂಮು ತುಂಬುವವರಾರು? ಹಾಗಾಗಿ ಬೋರ್ಡಿನ ಮೇಲೆ 2,000 ಹಾಗೇ ಇರುತ್ತದೆ. ಮೊಬೈಲ್ ಮುಂದೆ ಹಿಡಿದವರಿಗೆ ಮ್ಯಾನೇಜರ್ ಮೆಲ್ಲಗೆ ಹೇಳುತ್ತಾರೆ: "ಅದ ರೇಟಿಗೆ ಕೊಡ್ತೀನ್ರೀ, ಅದರಾಗ ಬುಕ್ ಮಾಡಬ್ಯಾಡ್ರಿ."