ಕತ್ತಿ ಅದ್ದಿ ನೋಡಿದ್ದೀರಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಭಾಗದ ಅಡಿಕೆ ಕೃಷಿಕರಿಗೆ ವಾಟ್ಸಾಪ್ ಸಂದೇಶ, ಕರಪತ್ರ ಬರೆದುಕೊಡುವುದು ನನ್ನ ಕೆಲಸ. ಮಳೆಗಾಲಕ್ಕೆ ಮೊದಲು ಮದ್ದು ಬಿಡುವ ಬಗ್ಗೆ ಒಮ್ಮೆ ಹೀಗೆ ಶುರುಮಾಡಿದ್ದೆ: "ಈ ಒಂದು ತಪ್ಪಿನಿಂದ ನಿಮ್ಮ ಫಸಲೇ ಹೋಗಬಹುದು! ಯಾವುದು ಗೊತ್ತೇ?" ಉತ್ತರ ಇದ್ದದ್ದು ಏಳನೇ ಸಾಲಿನಲ್ಲಿ. ಸಂಜೆ ಹಿರಿಯ ಕೃಷಿಕರೊಬ್ಬರು ಫೋನ್ ಮಾಡಿದರು. "ಮಾರಾಯ್ರೆ, ತೋಟ ಹೋಗ್ತದೆ ಅಂತ ಹೆದರಿಸ್ತೀರಿ, ಎಂತದು ಅಂತ ಮೊದಲೇ ಹೇಳಿದ್ರೆ ಏನಾಗ್ತಿತ್ತು?"

ಅವರ ಮಾತು ನ್ಯಾಯವಾದದ್ದು. ಆ ತಪ್ಪು, ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಕಡಿಮೆಯಾಗುವುದು. ನೂರು ಲೀಟರ್ ನೀರಿಗೆ ತಾಮ್ರದ ಲವಣವಾದ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ಅಷ್ಟು ಸಾಲದು. ಮೈಲುತುತ್ತಿನ ಖಾರ ಉಳಿದುಬಿಡುತ್ತದೆ, ಎಳೆಯ ಕಾಯಿ ಸುಡುತ್ತದೆ.

ಮರುವರ್ಷ ಅದೇ ವಿಷಯವನ್ನು ಹೀಗೆ ಬರೆದೆ: "ಮದ್ದು ಬಿಡುವ ಮೊದಲು ದ್ರಾವಣಕ್ಕೆ ಕತ್ತಿ ಅದ್ದಿ ನೋಡಿದ್ದೀರಾ? ಕಬ್ಬಿಣದ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಕೆಂಪು ಹಿಡಿಯುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ." ಮೂರೇ ವಾಕ್ಯ. ಈ ಸಲ ಬಂದ ಫೋನ್‌ಗಳಲ್ಲಿ ದೂರು ಇರಲಿಲ್ಲ. ಕತ್ತಿಯನ್ನು ಎಷ್ಟು ಹೊತ್ತು ಅದ್ದಬೇಕು, ತುಕ್ಕು ಹಿಡಿದ ಕತ್ತಿ ಆದೀತೇ ಎಂದು ಕೇಳಿದರು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಬರೆದ ಪ್ರಬಂಧದ ತಿರುಳು ಇದಕ್ಕೆ ಹೊಂದುತ್ತದೆ. ನಮಗೆ ಗೊತ್ತಿರುವುದಕ್ಕೂ ತಿಳಿಯಬೇಕಾದುದಕ್ಕೂ ನಡುವಿನ ಅಂತರ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ. ಕೃಷಿಕನಿಗೆ ಕತ್ತಿ ಗೊತ್ತು, ದ್ರಾವಣ ಗೊತ್ತು. ಎರಡಕ್ಕೂ ಏನು ಸಂಬಂಧ ಎನ್ನುವುದಷ್ಟೇ ಬಾಕಿ. ನನ್ನ ಮೊದಲ ಸಂದೇಶದಲ್ಲಿ ಅವರಿಗೆ ಗೊತ್ತಿರುವ ವಸ್ತು ಒಂದೂ ಇರಲಿಲ್ಲ. ಭಯ ಮಾತ್ರ ಇತ್ತು, ಅದರ ಕಾರಣವನ್ನು ನಾನೇ ಬಚ್ಚಿಟ್ಟಿದ್ದೆ. ಓದುಗನಿಗೆ ಕೈ ತಿರುಚಿದಂತೆ ಅನಿಸುವುದು ಅಲ್ಲಿ.

"ನಿಮ್ಮ ತೋಟ ಚೆನ್ನಾಗಿರಬೇಕಲ್ಲವೇ?" ಎಂಬ ಪ್ರಶ್ನೆಯಲ್ಲಿ ಇನ್ನೊಂದು ಬಗೆಯ ಒತ್ತಾಯ ಇದೆ. ಅದಕ್ಕೆ ಯಾರೂ ಇಲ್ಲ ಎನ್ನಲಾರರು. ಮುಂದೆ ಏನನ್ನೋ ಮಾರಲು ಬಂದಿದ್ದಾರೆ ಎಂದು ಓದುವವರಿಗೆ ಕೂಡಲೇ ತಿಳಿಯುತ್ತದೆ. ಕತ್ತಿಯ ಪ್ರಶ್ನೆಗೆ ಹೌದು, ಇಲ್ಲ ಎರಡೂ ನಿಜವಾದ ಉತ್ತರವೇ. ಹೌದು ಎಂದವರು ಅಲ್ಲಿಗೇ ಓದು ನಿಲ್ಲಿಸಿದರೂ ನನಗೆ ಬೇಸರವಿಲ್ಲ.

ಈಗ ಪ್ರಶ್ನೆ ಬರೆದ ಮೇಲೆ ಅದನ್ನು ಅಳಿಸಿ, ಉತ್ತರವನ್ನೇ ಮೊದಲ ಸಾಲಾಗಿ ಇಟ್ಟು ಓದುತ್ತೇನೆ. ಉತ್ತರ ಒಂಟಿಯಾಗಿ ನಿಂತರೆ ಪ್ರಶ್ನೆಯನ್ನು ಮತ್ತೆ ಸೇರಿಸಬಹುದು. ಸಪ್ಪೆ ಎನಿಸಿದರೆ ವಿಷಯವೇ ಸಣ್ಣದು, ಪ್ರಶ್ನೆಯಿಂದ ಅದನ್ನು ಉಬ್ಬಿಸಿದ್ದೆ ಎಂದರ್ಥ.

ಕೊಳೆರೋಗ ಕಾಣಿಸಿಕೊಂಡ ವಾರದಲ್ಲಂತೂ ಪ್ರಶ್ನೆ ಹಾಕುವುದೇ ಇಲ್ಲ. "ಉದುರಿದ ಕಾಯಿ ಇವತ್ತೇ ಹೆಕ್ಕಿ, ತೋಟದಿಂದ ಹೊರಗೆ ಹಾಕಿ" ಎಂದು ಶುರುಮಾಡುತ್ತೇನೆ.