ಪದ ಪರಿಚಯ: ಹುಕ್ ಪ್ಯಾಕೆಟಿನ ಮೇಲೆ ಬರೆದಿರುವ ‘ಮ್ಯಾಕ್ಸ್ ಲೋಡ್’

ಅಂಟಿಸುವ ಹುಕ್ ಆಗ್ಲಿ ಗೋಡೆಗೆ ತೂರಿಸುವ ಪ್ಲಾಸ್ಟಿಕ್ ಪ್ಲಗ್ ಆಗ್ಲಿ, ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಎಲ್ಲೋ ಒಂದು ಕಡೆ ತೂಕ ಬರೆದಿರ್ತದೆ, ‘ಮ್ಯಾಕ್ಸ್ ಲೋಡ್ 6 ಕೆಜಿ’ ಅಂತ. ಲೋಡ್ ರೇಟಿಂಗ್ ಅಂದ್ರೆ ಇದೇ. ಹೆಚ್ಚಿನವರು ಇದನ್ನ ಆ ಹುಕ್ಕಿನ ತಾಕತ್ತು ಅಂತ ಓದ್ತಾರೆ, ಆದ್ರೆ ಅದು ಹುಕ್ಕೂ ಗೋಡೆಯೂ ಸೇರಿದ ಲೆಕ್ಕ, ಕಂಪೆನಿಯವರು ಒಂದು ನಮೂನೆ ಗೋಡೆ ಮೇಲೆ ಒಂದು ದಿಕ್ಕಿಗೆ ತೂಕ ಹಾಕಿ ನೋಡಿ ಬರೆದ ಅಂಕಿ. ಗೋಡೆ ಬೇರೆ ಆದ್ರೆ, ತೂಕ ಎಳೆಯುವ ದಿಕ್ಕು ಬೇರೆ ಆದ್ರೆ, ಆ ಅಂಕಿ ನಮ್ಮ ಮನೆಗೆ ಹೊಂದುದಿಲ್ಲ.

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆ ಇದನ್ನ ಯಾಕೆ ಒತ್ತಿ ಹೇಳ್ಬೇಕು ಅಂದ್ರೆ ನಮ್ಮಲ್ಲಿ ತುಂಬಾ ಮನೆಗಳ ಗೋಡೆ ಕೆಂಪುಕಲ್ಲಿನದು, ಬೇಕಲ ಕೋಟೆ ಕಟ್ಟಿದ್ದೂ ಅದರಲ್ಲೇ. ಕಲ್ಲಿನ ಮೇಲೆ ಸಿಮೆಂಟ್ ಗಾರೆ, ಗಾರೆ ಮೇಲೆ ಪುಟ್ಟಿ ಅಥವಾ ಸುಣ್ಣ, ಅದರ ಮೇಲೆ ಪೇಂಟ್. ನೀವು ನೇತು ಹಾಕುವ ಫೋಟೋ ಯಾವ ಪದರವನ್ನ ಹಿಡ್ಕೊಂಡು ನಿಲ್ತದೆ ಅನ್ನೋದೇ ಇಲ್ಲಿ ಮುಖ್ಯ ಪ್ರಶ್ನೆ.

ಮೊದಲು ಅಂಟಿನ ಹುಕ್ ನೋಡುವ. ಇದು ಹಿಡ್ಕೊಳ್ಳೋದು ಪೇಂಟನ್ನ ಮಾತ್ರ, ಗೋಡೆಯನ್ನ ಅಲ್ಲ. ಪ್ಯಾಕೆಟಿನ 6 ಕೆಜಿ ಇರೋದು ಟೈಲ್ಸ್, ಗಾಜು, ನುಣುಪಾದ ಲೋಹ ಇಂಥಾ ಜಾಗಕ್ಕೆ. ಸುಣ್ಣ ಬಳಿದ ಗೋಡೆಯಲ್ಲಿ ಅಂಗೈ ಉಜ್ಜಿ ನೋಡಿ, ಬಿಳಿ ಪುಡಿ ಕೈಗೆ ಹತ್ತಿದ್ರೆ ಅಂಟು ಆ ಪುಡಿಗೇ ಹಿಡ್ಕೊಳ್ತದೆ, ಅಲ್ಲಿಗೆ ಯಾವ ರೇಟಿಂಗೂ ಲೆಕ್ಕಕ್ಕಿಲ್ಲ. ಬಿದ್ದ ಹುಕ್ಕಿನ ಹಿಂಬದಿ ನೋಡಿದ್ರೆ ಕಾರಣ ಗೊತ್ತಾಗ್ತದೆ: ಪೇಂಟಿನ ಚಕ್ಕೆ ಅಂಟ್ಕೊಂಡು ಬಂದಿದ್ರೆ ಅಂಟು ಸರಿಯಾಗೇ ಇತ್ತು, ಗೋಡೆ ಕೈಕೊಟ್ಟಿತು, ಅಂಟು ಕ್ಲೀನಾಗಿದ್ರೆ ಜಾಗ ಸರಿ ಒರೆಸಿರಲಿಲ್ಲ ಅಥವಾ ತೇವ ಇತ್ತು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಮಳೆ ಹೊಡೆಯುವ ಪಡುಬದಿಯ ಗೋಡೆ ಜುಲೈ ತಿಂಗಳಲ್ಲಿ ಒಳಗಿಂದಲೇ ಬೆವರ್ತಾ ಇರ್ತದೆ, ಆ ಗೋಡೆಗೆ ಅಂಟಿನ ಹುಕ್ ಹಾಕಲೇಬೇಡಿ ಅಂತ ನಾನು ಹೇಳೋದು.

ಒಳ್ಳೆ ಎಮಲ್ಷನ್ ಪೇಂಟ್ ಇರುವ ಒಣ ಗೋಡೆ ಆದ್ರೆ ಸ್ಪಿರಿಟಿನಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಿ 30 ಸೆಕೆಂಡ್ ಗಟ್ಟಿಯಾಗಿ ಒತ್ತಿ ಹಿಡೀರಿ, ಆಮೇಲೆ ಪ್ಯಾಕೆಟಿನಲ್ಲಿ ಹೇಳಿದಷ್ಟು ಹೊತ್ತು ಏನೂ ನೇತು ಹಾಕದೆ ಬಿಡಿ, ಕೆಲವಕ್ಕೆ ಒಂದು ಗಂಟೆ ಸಾಕು, ಕೆಲವಕ್ಕೆ ಇಡೀ ದಿನ ಬೇಕು. ಅಂಟು ಒಮ್ಮೆಗೇ ಬಿಡೋದಕ್ಕಿಂತ ನಿಧಾನ ಜಾರೋದೇ ಜಾಸ್ತಿ. ಹುಕ್ಕಿನ ಮೇಲಂಚಿಗೆ ಸರಿಯಾಗಿ ಪೆನ್ಸಿಲಲ್ಲಿ ಸಣ್ಣ ಗೆರೆ ಎಳೆದಿಡಿ, ಸ್ವಲ್ಪ ದಿನದಲ್ಲಿ ಗೆರೆಗೂ ಹುಕ್ಕಿಗೂ ನಡುವೆ ಸಂದು ಕಂಡ್ರೆ ತೂಕ ಜಾಸ್ತಿ ಆಗಿದೆ ಅಂತ ಅರ್ಥ, ಆಗಲೇ ಇಳಿಸಿ.

ಇನ್ನು ಆ ಅಂಕಿ ಓದುವಾಗಲೇ ಎರಡು ಕಡೆ ಎಡವಟ್ಟಾಗ್ತದೆ. ‘8 ಎಲ್‌ಬಿ’ ಅಂತ ಇದ್ದದ್ದನ್ನ 8 ಕೆಜಿ ಅಂತ ಓದೋದು ಒಂದು, ಅದು ಪೌಂಡ್, ಕೆಜಿಗೆ ತಂದ್ರೆ ಸುಮಾರು 3.6 ಮಾತ್ರ. ಇನ್ನೊಂದು, ಫೋಟೋ ಅಂಟಿಸುವ ಪಟ್ಟಿಗಳಲ್ಲಿ ನಾಲ್ಕು ಜೋಡಿ ಸೇರಿ ಹೊರುವ ತೂಕವನ್ನ ಒಟ್ಟಿಗೆ ಬರೆದಿರ್ತಾರೆ, ಎರಡೇ ಜೋಡಿ ಹಚ್ಚಿದ್ರೆ ಅರ್ಧ ಅಷ್ಟೇ. ನಿಮ್ಮ ಫೋಟೋ ಎಷ್ಟು ತೂಗ್ತದೆ ಅಂತಲೂ ಗೊತ್ತಿರ್ಬೇಕಲ್ವಾ, ಗಾಜಿನ ತೂಕ ಲೆಕ್ಕ ಹಾಕೋದು ಸುಲಭ, ಒಂದು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ. 40ಕ್ಕೆ 50 ಸೆಂಟಿಮೀಟರಿನ ಫೋಟೋಗೆ 3 ಎಂಎಂ ಗಾಜು ಇದ್ರೆ ಗಾಜೇ ಒಂದೂವರೆ ಕೆಜಿ, ಮರದ ಕಟ್ಟು ಹಿಂದಿನ ಹಲಗೆ ಸೇರಿ ಎರಡೂವರೆ ಹತ್ರ ಬರ್ತದೆ. ಇಷ್ಟಕ್ಕೆ ಅಂಟಿಗಿಂತ ಒಂದು ಸ್ಟೀಲ್ ಮೊಳೆ ಮೇಲು, ತಲೆ ಸ್ವಲ್ಪ ಮೇಲಕ್ಕೂ ಮೊನೆ ಕೆಳಕ್ಕೂ ಇರುವ ಹಾಗೆ ಓರೆಯಾಗಿ ಹೊಡೆದದ್ದು, ಮತ್ತು ಗಾರೆ ದಾಟಿ ಕಲ್ಲಿಗೆ ಇಳಿಯುವಷ್ಟು ಉದ್ದದ್ದು. ಗಾರೆಯಲ್ಲೇ ನಿಂತ ಮೊಳೆ ದಿನಾ ಒಂಚೂರು ಅಲ್ಲಾಡಿ ಗಾರೆಯನ್ನೇ ಉದುರಿಸ್ತದೆ.

ಶೆಲ್ಫ್ ಆದ್ರೆ ವಿಷಯ ಬೇರೆ. ಫೋಟೋ ಹುಕ್ಕನ್ನ ಹೆಚ್ಚುಕಮ್ಮಿ ಕೆಳಕ್ಕೆ ಮಾತ್ರ ಎಳೀತದೆ, ಶೆಲ್ಫ್ ಮುಂದಕ್ಕೆ ಚಾಚಿಕೊಂಡಿರೋದ್ರಿಂದ ಮೇಲಿನ ಸ್ಕ್ರೂವನ್ನ ಗೋಡೆಯಿಂದ ಹೊರಗೆ ಕೀಳ್ತದೆ. ಲೆಕ್ಕ ಮಾಡುವ. ಹಲಗೆ 20 ಸೆಂಟಿಮೀಟರ್ ಅಗಲ, 2 ಕೆಜಿ. ಮೇಲೆ ಇಡುವ ಸಾಮಾನು 6 ಕೆಜಿ. ಎರಡು ಬ್ರಾಕೆಟ್, ಒಂದೊಂದರಲ್ಲೂ ಮೇಲಿನ ಸ್ಕ್ರೂವಿನಿಂದ ಬ್ರಾಕೆಟಿನ ಕೆಳ ತುದಿಗೆ 10 ಸೆಂಟಿಮೀಟರ್. ಸಾಮಾನು ನಡುವಿಗೆ ಇದ್ರೆ, ಅಂದ್ರೆ ಗೋಡೆಯಿಂದ 10 ಸೆಂಟಿಮೀಟರ್ ದೂರದಲ್ಲಿ, 8 ಕೆಜಿಯನ್ನ 10ರಿಂದ ಗುಣಿಸಿ 10ರಿಂದ ಭಾಗಿಸಿದ್ರೆ ಮೇಲಿನ ಸ್ಕ್ರೂಗಳನ್ನ ಹೊರಗೆ ಎಳೆಯುವ ಬಲ ಒಟ್ಟು 8 ಕೆಜಿ, ಒಂದೊಂದಕ್ಕೆ 4. ಅದೇ ಸಾಮಾನನ್ನ ಮುಂದಕ್ಕೆ ಸರಿಸಿ 15 ಸೆಂಟಿಮೀಟರಲ್ಲಿ ಇಟ್ರೆ ಒಟ್ಟು 11 ಆಗ್ತದೆ. ಈಗ ಚೆಂದ ಕಾಣ್ತದೆ ಅಂತ 5 ಸೆಂಟಿಮೀಟರಿನ ಗಿಡ್ಡ ಬ್ರಾಕೆಟ್ ಹಾಕಿದ್ರೆ ಅದು 22 ಕೆಜಿ! ತೂಕ ಒಂಚೂರೂ ಜಾಸ್ತಿ ಆಗಿಲ್ಲ, ಆದ್ರೂ ಎಳೆತ ಡಬಲ್. ಹಾಗಾಗಿ ಶೆಲ್ಫಿಗೆ ಉದ್ದ ಕಾಲಿನ ಬ್ರಾಕೆಟ್ ತಗೊಳ್ಳಿ, ಅಂಟಿನ ಹುಕ್ಕಿನ ರೇಟಿಂಗ್ ನೋಡಿ ಶೆಲ್ಫ್ ಅಂಟಿಸ್ಲಿಕ್ಕೆ ಹೋಗ್ಬೇಡಿ, ಅದು ಕೆಳಕ್ಕೆ ಎಳೆಯುವ ತೂಕಕ್ಕೆ ಬರೆದದ್ದು, ಮೇಲಂಚಿನಿಂದ ಸುಲಿದುಕೊಂಡು ಬರುವಾಗ ಅಂಟು ಬೇಗ ಸೋಲ್ತದೆ.

ಪ್ಲಗ್ಗಿನ ಪ್ಯಾಕೆಟ್ ಒಳ್ಳೆ ಕಂಪೆನಿದಾದ್ರೆ ಒಂದೇ ಅಂಕಿ ಇರುದಿಲ್ಲ, ಕಾಂಕ್ರೀಟಿಗೆ ಒಂದು, ಗಟ್ಟಿ ಇಟ್ಟಿಗೆಗೆ ಒಂದು, ಹಗುರ ಬ್ಲಾಕಿಗೆ ಒಂದು ಅಂತ ಇರ್ತದೆ. ಕೆಂಪುಕಲ್ಲಿಗೆ ಅಂತ ಬೇರೆ ಸಾಲು ಇಲ್ಲದಿದ್ರೆ ಇರುವುದರಲ್ಲಿ ಕಮ್ಮಿ ಅಂಕಿಯನ್ನೇ ನಮ್ಮದು ಅಂತ ಇಟ್ಕೊಳ್ಳಿ, ಯಾಕಂದ್ರೆ ಈ ಕಲ್ಲಿನಲ್ಲಿ ತೂತುಗಳೂ ಮೆತ್ತನೆ ಮಣ್ಣಿನ ಜಾಗಗಳೂ ಇರ್ತವೆ. ಇನ್ನೊಂದು, ಆ ರೇಟಿಂಗ್ ದಪ್ಪ ಸ್ಕ್ರೂ ಹಾಕಿದಾಗ ಸಿಗುವಂಥದ್ದು. 8 ಎಂಎಂ ಪ್ಲಗ್ಗಿಗೆ 5ರಿಂದ 6 ಎಂಎಂ ಸ್ಕ್ರೂ ಬೇಕು, ಸಪೂರ ಸ್ಕ್ರೂ ಹಾಕಿದ್ರೆ ಪ್ಲಗ್ ಅಗಲ ಆಗುದಿಲ್ಲ, ಹಿಡಿತವೇ ಇಲ್ಲ.

ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಕೆಂಪುಕಲ್ಲಿಗೆ ಹ್ಯಾಮರ್ ಬಿಟ್ರೆ ತೂತು ದೊಡ್ಡದಾಗಿ ಪ್ಲಗ್ ಒಳಗೇ ತಿರುಗ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೀಬೇಡಿ, ವಯರ್ ಅಲ್ಲೇ ಹೋಗಿರ್ತದೆ. ಕೆಳಗೆ ಒಂದು ಬಿಳಿ ಕಾಗದ ಹಿಡೀರಿ. ಮೊದಲು ಬಿಳಿ ಬೂದು ಹುಡಿ ಉದುರ್ತದೆ, ಅದು ಪುಟ್ಟಿ ಮತ್ತು ಗಾರೆ, ಸಾಧಾರಣ ಒಂದೂವರೆ ಸೆಂಟಿಮೀಟರ್. ಆಮೇಲೆ ಹುಡಿ ಕೆಂಪಾಗ್ತದೆ, ಕಲ್ಲು ಅಲ್ಲಿಂದ ಶುರು, ಪ್ಲಗ್ಗಿನ ಹೆಚ್ಚಿನ ಭಾಗ ಆ ಕೆಂಪಿನ ಒಳಗೆ ಕೂರ್ಬೇಕು. ಎರಡೂವರೆ ಸೆಂಟಿಮೀಟರ್ ಹೋದ್ರೂ ಬೂದು ಹುಡಿಯೇ ಬರ್ತಾ ಇದ್ರೆ ನೀವು ಬಹುಶಃ ಕಲ್ಲುಗಳ ನಡುವಿನ ಸಂದಿಗೆ ಕೊರೀತಾ ಇದ್ದೀರಿ, ನಾಲ್ಕು ಬೆರಳು ಆಚೆ ಸರಿಸಿ. ಡ್ರಿಲ್ ಒಮ್ಮೆಲೇ ಸುಯ್ಯಂತ ಒಳಗೆ ಹೋದ್ರೆ ಮಣ್ಣಿನ ಜಾಗ, ಅಲ್ಲಿಯೂ ಬೇಡ. ತಿರುಗುವ ಪ್ಲಗ್ಗಿಗೆ ಬೆಂಕಿಕಡ್ಡಿ ತುರುಕಿ ಬಿಗಿ ಮಾಡ್ತಾರೆ ಕೆಲವರು, ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಒಣಗಿ ಮತ್ತೆ ಸಡಿಲ ಆಗ್ತದೆ ಅದು, ಶೆಲ್ಫಿಗಂತೂ ಬೇಡ.

ಶೆಲ್ಫ್ ಕೂರಿಸಿದ ಮೇಲೆ ಸಾಮಾನು ಇಟ್ಟು ಒಂದು ವಾರ ಕಳೆದು ಬ್ರಾಕೆಟಿನ ಮೇಲಿನ ತುದಿಗೂ ಗೋಡೆಗೂ ನಡುವೆ ಒಂದು ಕಾಗದ ತೂರಿಸಿ ನೋಡಿ. ಹೋಗ್ಲಿಲ್ಲ ಅಂದ್ರೆ ಸರಿ ಉಂಟು. ಹೋಯ್ತು ಅಂದ್ರೆ ಸಾಮಾನು ಇಳಿಸಿ ಮೇಲಿನ ಸ್ಕ್ರೂ ಬಿಗಿ ಮಾಡಿ, ಬಿಗಿ ಆಗದೆ ಸುಮ್ಮನೆ ತಿರುಗ್ತಾ ಇದ್ರೆ ಆ ತೂತು ಬಿಟ್ಟು ಬೇರೆ ಕಡೆ ಕೊರೀರಿ.