ಸಭೆ ಒಂದೇ, ತಾರೀಕು ಎರಡು

‘ಸಾರ್, ಸಭೆ ಒಂದೇ ಅಲ್ವಾ? ಅದಕ್ಕೇ ಒಂದೇ ಮಿನಿಟ್ಸ್ ಬರೆದಿದ್ದೀನಿ.’

ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಈ ಮಾತನ್ನು ಯಾರಾದರೂ ಒಬ್ಬ ಅಕೌಂಟೆಂಟ್ ಬಾಯಲ್ಲಿ ಕೇಳುತ್ತೇನೆ. ಮುಂದೂಡಿ ಎರಡು ದಿನ ನಡೆದ ಸಭೆಗೆ ಎಷ್ಟು ಮಿನಿಟ್ಸ್, ಅಂದರೆ ನಡಾವಳಿ, ಬರೆಯಬೇಕು ಅನ್ನೋದು ವಿಷಯ. ನಾನು ಕಂಪನಿ ಸೆಕ್ರೆಟರಿ. ಸಣ್ಣ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಸಭೆ, ನೋಟಿಸು, ಫೈಲಿಂಗು ನೋಡಿಕೊಳ್ಳೋದು ನನ್ನ ಕೆಲಸ. ಆ ಅಕೌಂಟೆಂಟ್ ಹೇಳಿದ್ದರಲ್ಲಿ ಅರ್ಧ ಸರಿ. ಉಳಿದ ಅರ್ಧ ತಪ್ಪಾಗಿದ್ದಕ್ಕೆ ಆಗುವ ರಗಳೆಯನ್ನೇ ಇವತ್ತು ಬರೆಯುತ್ತಿದ್ದೇನೆ.

ಪೀಣ್ಯದಲ್ಲಿ ಅಣ್ಣತಮ್ಮಂದಿರ ಒಂದು ಕಂಪನಿ. ಷೇರುದಾರರು ನಾಲ್ಕೇ ಜನ. ಸೆಪ್ಟೆಂಬರ್ 14ಕ್ಕೆ ಬೆಳಿಗ್ಗೆ 11ಕ್ಕೆ ವಾರ್ಷಿಕ ಸಭೆ. ಅಜೆಂಡಾದಲ್ಲಿ ಮೂರು ವಿಷಯ: ಲೆಕ್ಕಪತ್ರ ಒಪ್ಪುವುದು, ಡಿವಿಡೆಂಡ್, ಆಡಿಟರ್ ನೇಮಕ. ಲೆಕ್ಕಪತ್ರ ತೆಗೆದ ಕೂಡಲೇ ತಮ್ಮನಾದವನು ಸರಕಿನ ಸ್ಟಾಕ್ ಮೌಲ್ಯದ ಬಗ್ಗೆ ಒಂದು ಪ್ರಶ್ನೆ ಕೇಳಿದ. ಉತ್ತರ ಹೇಳಬೇಕಾದ ಸ್ಟೋರ್ಸ್ ರಿಜಿಸ್ಟರ್ ಅಲ್ಲಿರಲಿಲ್ಲ. ಅಣ್ಣ ಅಧ್ಯಕ್ಷ. ಎಲ್ಲರನ್ನೂ ಕೇಳಿ, ಆಡಿಟರ್ ನೇಮಕವನ್ನಷ್ಟೇ ಮುಗಿಸಿ, ಉಳಿದ ಎರಡು ವಿಷಯಗಳನ್ನು 24ಕ್ಕೆ ಮುಂದೂಡಿದ. 24ಕ್ಕೆ ತಮ್ಮ ಬರಲಿಲ್ಲ, ಧಾರವಾಡದಲ್ಲಿ ಮದುವೆ ಇತ್ತಂತೆ. ಉಳಿದ ಮೂವರು ಸೇರಿ ಲೆಕ್ಕಪತ್ರ ಒಪ್ಪಿದರು, ಡಿವಿಡೆಂಡ್ ಘೋಷಿಸಿದರು.

ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ. ಮೂವತ್ತು ದಿನದೊಳಗೆ ಮುಂದೂಡಿದ್ದರಿಂದ ಹೊಸ ಸಭೆಯಂತೆ ಪೂರ್ತಿ ಅವಧಿಯ ನೋಟಿಸು ಬೇಕಿರಲಿಲ್ಲ. ಕಂಪನಿ ಸಭೆಗಳ ನಿಯಮಾವಳಿಯಾದ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಪ್ರಕಾರ ಮೂರು ದಿನದ ನೋಟಿಸು ಸಾಕಿತ್ತು, ಅದನ್ನು ಕೊಟ್ಟಿದ್ದರು.

ಆಮೇಲೆ ಅಕೌಂಟೆಂಟ್ ಕರಡು ತಂದಿಟ್ಟ. ಮೇಲೆ ‘14ನೇ ಸೆಪ್ಟೆಂಬರ್’. ಕೆಳಗೆ ನಾಲ್ವರ ಹಾಜರಿ. ಮೂರೂ ವಿಷಯ ಒಂದರ ಕೆಳಗೊಂದು, ಕೊನೆಯಲ್ಲಿ ‘ಹಾಜರಿದ್ದ ಎಲ್ಲ ಸದಸ್ಯರೂ ಒಮ್ಮತದಿಂದ ಅಂಗೀಕರಿಸಿದರು’. ನೋಡೋಕೆ ಅಚ್ಚುಕಟ್ಟಾಗಿತ್ತು. ಆದರೆ ಊರಲ್ಲೇ ಇಲ್ಲದ ತಮ್ಮ ಕೈ ಎತ್ತಿದಂತೆ ಬರೆದಾಗಿತ್ತು. ಕರಡು ಅವನ ಕೈಗೂ ಹೋಗಿತ್ತು. ಫೋನ್ ಮಾಡಿ ನನಗೆ ಬೈದ. ಬರೆದವನು ನಾನಲ್ಲ ಅಂತ ಹೇಳೋಕೂ ಬಿಡಲಿಲ್ಲ.

ಈಗ ಒಂದೇ ವಿಷಯವನ್ನು ಸ್ವಲ್ಪ ಜಾಸ್ತಿಯೇ ಎಳೆದು ಹೇಳುತ್ತೇನೆ, ಬೇಜಾರಾಗಬೇಡಿ. ಮುಂದೂಡಿದ ಸಭೆ ಹೊಸ ಸಭೆಯಲ್ಲ, ಹಳೆಯದರ ಮುಂದುವರಿಕೆ. ಅದಕ್ಕೇ ಅಲ್ಲಿ ಉಳಿದ ವಿಷಯ ಮಾತ್ರ ತೆಗೆದುಕೊಳ್ಳಬೇಕು. 24ರಂದು ಯಾರೋ ‘ಹೇಗೂ ಸೇರಿದ್ದೀವಿ, ಗೋಡೌನ್ ಬಾಡಿಗೆ ವಿಷಯಾನೂ ಮುಗಿಸಿಬಿಡೋಣ’ ಅಂದಿದ್ದರು. ಆಗೋದಿಲ್ಲ ಅಂದೆ. ಸಭೆಯ ಕ್ರಮಸಂಖ್ಯೆಯೂ ಬದಲಾಗೋದಿಲ್ಲ. ಇದು 18ನೇ ವಾರ್ಷಿಕ ಸಭೆಯಾದರೆ 24ರದ್ದೂ 18ನೆಯದೇ. ಇಷ್ಟರ ಮಟ್ಟಿಗೆ ‘ಸಭೆ ಒಂದೇ’ ಅನ್ನೋದು ನಿಜ.

ಆದರೆ ನಿರ್ಣಯದ ತಾರೀಕು ಬೇರೆ. 2013ರ ಕಂಪನಿ ಕಾಯ್ದೆಯ 116ನೇ ಸೆಕ್ಷನ್ ಇರುವುದೇ ಇದಕ್ಕೆ. ಮುಂದೂಡಿದ ಸಭೆಯಲ್ಲಿ ಆದ ನಿರ್ಣಯ, ಅದು ನಿಜವಾಗಿ ಆದ ದಿನದ್ದೇ. ಮೊದಲ ದಿನದ್ದು ಅಂತ ಎಣಿಸುವ ಹಾಗಿಲ್ಲ. ಸಭೆ ಹಳೆಯದು, ನಿರ್ಣಯ ಹೊಸದು. ಇವೆರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಬೇಕು. ಜನ ಯಾವುದಾದರೂ ಒಂದನ್ನು ಬಿಟ್ಟುಬಿಡುತ್ತಾರೆ.

ಬರೀ ತಾರೀಕು ತಾನೇ ಅಂತೀರಾ? ಡಿವಿಡೆಂಡನ್ನೇ ತಗೊಳ್ಳಿ. ಘೋಷಿಸಿದ ಐದು ದಿನದೊಳಗೆ ಆ ಹಣವನ್ನು ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆಗೆ ಹಾಕಬೇಕು. ಇವರು 27ಕ್ಕೆ ಹಾಕಿದ್ದರು. 24ರಿಂದ ಎಣಿಸಿದರೆ ಸರಿಯಾಗಿದೆ. ಅಕೌಂಟೆಂಟ್ ಬರೆದಂತೆ 14ರಿಂದ ಎಣಿಸಿದರೆ ಗಡುವು 19ಕ್ಕೇ ಮುಗಿದಿತ್ತು. ಮಾಡದ ತಪ್ಪನ್ನು ಕಂಪನಿ ತನ್ನದೇ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡಂತಾಗುತ್ತಿತ್ತು! ಆಡಿಟರ್ ನೇಮಕದ ಲೆಕ್ಕ ಇದಕ್ಕೆ ಉಲ್ಟಾ. ಅದು 14ರಂದೇ ಮುಗಿದಿತ್ತು, ನೇಮಕವನ್ನು ರಿಜಿಸ್ಟ್ರಾರರಿಗೆ ತಿಳಿಸುವ ಎಡಿಟಿ-1 ಫಾರ್ಮಿನ ಹದಿನೈದು ದಿನ ಅಲ್ಲಿಂದಲೇ ಓಡುತ್ತದೆ. ‘ಸಭೆ ಇನ್ನೂ ಮುಗಿದಿಲ್ಲ’ ಅಂತ 24ರಿಂದ ಎಣಿಸುತ್ತಾ ಕೂತರೆ ಲೇಟ್ ಫೀ ಕಟ್ಟಬೇಕು. ಲೆಕ್ಕಪತ್ರ ಸಲ್ಲಿಸುವ ಎಒಸಿ-4ಕ್ಕೆ ಮೂವತ್ತು ದಿನ, ಅದು ಲೆಕ್ಕಪತ್ರ ಒಪ್ಪಿದ 24ರಿಂದ.

ಹಾಗಾಗಿ ಎರಡು ನಡಾವಳಿ ಬೇಕು. ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಹೇಳುವುದೂ ಇದನ್ನೇ: ಮೂಲ ಸಭೆಯದು, ಮುಂದೂಡಿದ ಸಭೆಯದು, ಎರಡೂ ಆಯಾ ದಿನದಿಂದ ಮೂವತ್ತು ದಿನದೊಳಗೆ ಮಿನಿಟ್ಸ್ ಬುಕ್ ಸೇರಬೇಕು.

ಮೊದಲನೆಯದರ ಕೊನೆಯ ಪ್ಯಾರಾವನ್ನೇ ಜನ ಹಾಳು ಮಾಡೋದು. ‘ಸಭೆಯನ್ನು ಮುಂದೂಡಲಾಯಿತು’ ಅಂತ ಎರಡು ಪದ ಗೀಚಿ ಎದ್ದುಬಿಡುತ್ತಾರೆ. ನಾವು ಬರೆದದ್ದು ಹೀಗೆ:

‘ವಿಷಯ 1ರ ಮೇಲೆ ಚರ್ಚೆ ಶುರುವಾಯಿತು. ಸ್ಟಾಕ್ ಮೌಲ್ಯದ ಬಗ್ಗೆ ಒಬ್ಬ ಸದಸ್ಯರು ಕೇಳಿದ ಪ್ರಶ್ನೆಗೆ ಸ್ಟೋರ್ಸ್ ರಿಜಿಸ್ಟರ್ ನೋಡಿ ಉತ್ತರಿಸಬೇಕಿತ್ತು. ಮತಕ್ಕೆ ಹಾಕಲಿಲ್ಲ. ವಿಷಯ 2 ಎತ್ತಿಕೊಳ್ಳಲಿಲ್ಲ. ವಿಷಯ 3 ಮುಗಿಯಿತು. ಹಾಜರಿದ್ದ ನಾಲ್ವರ ಒಪ್ಪಿಗೆಯಿಂದ ವಿಷಯ 1 ಮತ್ತು 2ಕ್ಕಾಗಿ ಸಭೆಯನ್ನು 24ನೇ ಸೆಪ್ಟೆಂಬರ್ ಬೆಳಿಗ್ಗೆ 11ಕ್ಕೆ ಇದೇ ಜಾಗಕ್ಕೆ ಮುಂದೂಡಲಾಯಿತು. ಸಮಯ 12.20.’

ಯಾವ ವಿಷಯ ಎಲ್ಲಿಗೆ ನಿಂತಿತು ಅನ್ನೋದು ಇದರಲ್ಲಿ ಇರಲೇಬೇಕು. 24ರಂದು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗೋದು ಈ ಪ್ಯಾರಾದಿಂದಲೇ. ಯಾವುದು ‘ಉಳಿದದ್ದು’, ಯಾವುದು ಹೊಸದು ಅನ್ನೋ ಜಗಳಕ್ಕೂ ಇದೇ ಉತ್ತರ.

ಎರಡನೆಯದರ ತಲೆಬರಹ: ‘14ನೇ ಸೆಪ್ಟೆಂಬರ್‌ರಂದು ಆರಂಭವಾಗಿ ಮುಂದೂಡಲಾದ 18ನೇ ವಾರ್ಷಿಕ ಸಾಮಾನ್ಯ ಸಭೆ, 24ನೇ ಸೆಪ್ಟೆಂಬರ್‌ರಂದು ಮುಂದುವರಿದದ್ದು.’ ಅದರ ಕೆಳಗೆ ಹಾಜರಿ ಹೊಸದಾಗಿ, ಮೂವರದ್ದು ಮಾತ್ರ. ಕೋರಂ ಇದೆಯಾ ಅಂತ ಮತ್ತೆ ನೋಡಿ ಬರೆಯಬೇಕು. ಪ್ರೈವೇಟ್ ಕಂಪನಿಗೆ ಇಬ್ಬರಿದ್ದರೆ ಸಾಕು. ಆಡಿಟರ್ ನೇಮಕವನ್ನು ಇಲ್ಲಿ ಮತ್ತೆ ಬರೆಯಬೇಡಿ. ಎರಡು ಸಲ ಬರೆದರೆ ಎರಡು ಸಲ ನೇಮಿಸಿದಂತೆ ಕಾಣುತ್ತದೆ. ಹಾಗೆ ಬರೆದಿದ್ದನ್ನೂ ನೋಡಿದ್ದೇನೆ, ಒಂದರಲ್ಲಿ ಐದು ವರ್ಷ, ಇನ್ನೊಂದರಲ್ಲಿ ಒಂದು ವರ್ಷ.

ಇಲ್ಲಿ ಒಂದು ಎಚ್ಚರಿಕೆ. ಇದೆಲ್ಲ ಕಂಪನಿಗಳ ಮಾತು. ನಿಮ್ಮದು ಅಪಾರ್ಟ್‌ಮೆಂಟ್ ಸಂಘವೋ ಸಹಕಾರ ಸಂಘವೋ ಆಗಿದ್ದರೆ ನಿಮ್ಮ ಬೈಲಾ ತೆಗೆದು ಓದಿ. ಪ್ರೈವೇಟ್ ಕಂಪನಿಯಾದರೂ ನೋಟಿಸು, ಕೋರಂ ವಿಷಯದಲ್ಲಿ ಮೊದಲು ಆರ್ಟಿಕಲ್ಸ್, ಅಂದರೆ ಕಂಪನಿಯ ಒಳನಿಯಮಗಳನ್ನು, ನೋಡಬೇಕು. ಕೋರಂ ಇಲ್ಲದೆ ಮುಂದೂಡಿದ ಸಭೆಯ ಕತೆಯೇ ಬೇರೆ, ಅಲ್ಲಿ ಉಳಿಯೋಕೆ ಏನೂ ಶುರುವೇ ಆಗಿರೋದಿಲ್ಲ.

ಪೀಣ್ಯದ ಕರಡಿಗೆ ಇನ್ನೂ ಸಹಿ ಬಿದ್ದಿರಲಿಲ್ಲ, ಅದು ನಮ್ಮ ಪುಣ್ಯ. ಹರಿದುಹಾಕಿ ಎರಡು ಬರೆದೆವು. ತಮ್ಮನೇ ಆಫೀಸಿಗೆ ಬಂದು ಎರಡನ್ನೂ ಓದಿದ. ಎರಡನೆಯದರಲ್ಲಿ ತನ್ನ ಹೆಸರಿಲ್ಲ ಅಂತ ನೋಡಿಕೊಂಡ. ಮೊದಲನೆಯದರಲ್ಲಿ ಸ್ಟಾಕ್ ಪ್ರಶ್ನೆ ಇರುವ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದ. ಡಿವಿಡೆಂಡ್ ಬಗ್ಗೆ ಅವನ ತಕರಾರೇ ಇರಲಿಲ್ಲವಂತೆ, ದುಡ್ಡು ಆಗಲೇ ಖಾತೆಗೆ ಬಂದಿತ್ತು.

ಅಣ್ಣ ಪೆನ್ ತೆಗೆದು, ‘ಸಹಿ ಕೆಳಗೆ ಯಾವ ತಾರೀಕು ಹಾಕ್ಲಿ, ಹದಿನಾಲ್ಕಾ, ಇಪ್ಪತ್ನಾಲ್ಕಾ?’ ಅಂದರು. ಅವತ್ತು ಅಕ್ಟೋಬರ್ 10. ಎರಡಕ್ಕೂ 10 ಅಂತಲೇ ಹಾಕಿಸಿದೆ.